ಅಜ್ಜನ ಅರವತ್ತನಾಲ್ಕು ನಾಣ್ಯಗಳಿಗೆ ಬೆಲೆ ಕಟ್ಟಿದ್ದು

ದಾವಣಗೆರೆಯ ಮನೆ ಮಾರುವುದೆಂದು ತೀರ್ಮಾನವಾದಾಗ ಪಾತ್ರೆ, ಮಂಚ, ಬೀರು ಎಲ್ಲ ಜಗಳವಿಲ್ಲದೆ ಹಂಚಿಹೋದವು. ಉಳಿದದ್ದು ದೇವರ ಮನೆಯ ಹಿತ್ತಾಳೆ ಡಬ್ಬಿ. ಅದರಲ್ಲಿ ಅಜ್ಜ ಕೂಡಿಟ್ಟ ಹಳೆಯ ನಾಣ್ಯಗಳಿದ್ದವು. ಅಣ್ಣ ಅಷ್ಟರಲ್ಲಾಗಲೇ ಮೊಬೈಲಿನಲ್ಲಿ ನಾಲ್ಕಾರು ವಿಡಿಯೋ ನೋಡಿ ಮುಗಿಸಿದ್ದ. "ವಿಕ್ಟೋರಿಯಾ ರಾಣಿ ರೂಪಾಯಿ ಒಂದೊಂದೂ ಲಕ್ಷ ಬಾಳುತ್ತಂತೆ ಕಣೋ, ಅವಸರ ಮಾಡಬೇಡ" ಅಂದ. ಚಿಕ್ಕಮ್ಮನಿಗೆ ಪೂಜೆಗೆ ಐದು ರೂಪಾಯಿ ಉಳಿದರೆ ಸಾಕಾಗಿತ್ತು. ಲೆಕ್ಕದ ಮೇಷ್ಟ್ರಾಗಿ ನಿವೃತ್ತನಾದವನೆಂಬ ಒಂದೇ ಕಾರಣಕ್ಕೆ ಡಬ್ಬಿ ನನ್ನ ಪಾಲಿನ ಕೆಲಸವಾಯಿತು.

ಎಣಿಸಿದರೆ ಅರವತ್ತನಾಲ್ಕು. ದೊಡ್ಡ ಬೆಳ್ಳಿ ರೂಪಾಯಿಗಳೇ ನಲವತ್ತೊಂದು: ವಿಕ್ಟೋರಿಯಾ ಒಂಬತ್ತು, ಏಳನೇ ಎಡ್ವರ್ಡ್ ಹನ್ನೊಂದು, ಐದನೇ ಜಾರ್ಜ್ ಇಪ್ಪತ್ತು, ಆರನೇ ಜಾರ್ಜ್ ಒಂದು. ಅವಲ್ಲದೆ 1940ರ ನಂತರದ ಆರನೇ ಜಾರ್ಜ್ ರೂಪಾಯಿ ಹನ್ನೆರಡು, ತಾಮ್ರದವು ಹತ್ತು, ಒಂದು ಹಿತ್ತಾಳೆಯ ಬಿಲ್ಲೆ. ಈ ಬಿಲ್ಲೆಯ ಮೇಲೆ ಹನುಮಂತ, ಹಿಂದೆ ಈಸ್ಟ್ ಇಂಡಿಯಾ ಕಂಪನಿ, 1818 ಎಂದಿತ್ತು. ಅಣ್ಣನ ಲಕ್ಷಗಳಲ್ಲಿ ದೊಡ್ಡ ಪಾಲು ಅದರ ಮೇಲೇ ನಿಂತಿತ್ತು. ಕಂಪನಿ ಸರ್ಕಾರ ಅಂಥ ನಾಣ್ಯವನ್ನು ಅಚ್ಚು ಹಾಕಿಸಿಯೇ ಇಲ್ಲ. ಜಾತ್ರೆ, ದೇವಸ್ಥಾನದ ಬೀದಿಗಳಲ್ಲಿ ಮಾರಲೆಂದು ಈಚೆಗೆ ಯಾರೋ ಮಾಡಿದ ಬಿಲ್ಲೆ ಅದು. ಅದನ್ನು ಲೆಕ್ಕದಿಂದ ತೆಗೆದಿಟ್ಟೆ.

ಮೊದಲು ನನಗೆ ಬೇಕಿದ್ದದ್ದು ಕೆಳಗಿನ ಮಿತಿ, ಅಂದರೆ ಯಾರೂ ಕೊಳ್ಳದಿದ್ದರೂ ಕರಗಿಸಿದರೆ ಎಷ್ಟು ಬರುತ್ತದೆ ಎಂಬುದು. 1939ರವರೆಗಿನ ಬ್ರಿಟಿಷ್ ಇಂಡಿಯಾ ರೂಪಾಯಿ ಹೊಸದಾಗಿದ್ದಾಗ 11.66 ಗ್ರಾಂ ತೂಗಬೇಕು, ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. 1940ರಿಂದ ತೂಕ ಅಷ್ಟೇ ಉಳಿಯಿತು, ಬೆಳ್ಳಿ ಮಾತ್ರ ಅರ್ಧಕ್ಕಿಳಿಯಿತು. ನಾನು ಲೆಕ್ಕ ಹಾಕಿದ ದಿನ, 2024ರಲ್ಲಿ, ಬೆಳ್ಳಿ ಗ್ರಾಂಗೆ ತೊಂಬತ್ತು ರೂಪಾಯಿ ಆಸುಪಾಸಿನಲ್ಲಿತ್ತು. ಹಳೆಯ ರೂಪಾಯಿಯಲ್ಲಿ 10.69 ಗ್ರಾಂ ಅಪ್ಪಟ ಬೆಳ್ಳಿ ಇದ್ದರೆ ಒಂದಕ್ಕೆ 962 ರೂಪಾಯಿ. 1940ರ ನಂತರದ್ದಕ್ಕೆ 525. ಒಟ್ಟು ನಲವತ್ತೈದು ಸಾವಿರದ ಮೇಲೆ. ವಿಕ್ಟೋರಿಯಾಗಳು ಸವೆದು 11.4ಕ್ಕೆ ಇಳಿದಿದ್ದರಿಂದ ನೂರಿನ್ನೂರು ಕಡಿಮೆ ಅಂದುಕೊಳ್ಳಿ.

ಈ ಸಣ್ಣ ಲೆಕ್ಕ ಎಷ್ಟು ಉಪಕಾರಿ ಎಂಬುದು ಅದೇ ಸಂಜೆ ಗೊತ್ತಾಯಿತು. ನಮಗೆ ಗುರುತಿರುವ ಒಡವೆ ಅಂಗಡಿಯೊಂದರಲ್ಲಿ ನಲವತ್ತೊಂದನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ, "ಹಳೆ ಬೆಳ್ಳಿ, ನೂರಕ್ಕೆ ಎಂಬತ್ತರ ಲೆಕ್ಕ ಹಿಡೀತೀವಿ ಮೇಷ್ಟ್ರೇ" ಎಂದು ಮೂವತ್ನಾಲ್ಕು ಸಾವಿರ ಹೇಳಿದರು. ಹಳೆಯ ಕಾಲುಂಗುರಕ್ಕೋ ಲೋಟಕ್ಕೋ ಆ ಲೆಕ್ಕ ಸರಿಯಿರಬಹುದು. ಟಂಕಸಾಲೆಯಿಂದ ಬಂದ ರೂಪಾಯಿಗೆ ಬೆಳ್ಳಿ ಎಷ್ಟೆಂಬುದು ನಿಗದಿಯಾಗಿರುವಾಗ ಎಂಬತ್ತು ಅನ್ನುವುದರಲ್ಲಿ ಐದು ಸಾವಿರ ಹೋಗುತ್ತದೆ. ಡಬ್ಬಿ ಮುಚ್ಚಿಕೊಂಡು ಬಂದೆ.

ಆ ರಾತ್ರಿ ಒಂದು ಕೆಟ್ಟ ಕೆಲಸವನ್ನೂ ಮಾಡಿದೆ. 1907ರ ಎಡ್ವರ್ಡ್ ರೂಪಾಯಿಯೊಂದು ಬೂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಸ್ವಲ್ಪ ನೀಲಿಯಾಗಿತ್ತು. ಚೆಂದ ಕಾಣಲಿ ಎಂದು ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ. ಕನ್ನಡಿಯ ಹಾಗೆ ಹೊಳೆಯಿತು.

ಅದರ ಬೆಲೆ ಏನಾಯಿತೆಂದು ತಿಳಿದದ್ದು ಬೆಂಗಳೂರಿನಲ್ಲಿ. ಸ್ನೇಹಿತನ ಸೋದರಮಾವ ಒಬ್ಬರಿದ್ದಾರೆ, ಅಂಚೆ ಇಲಾಖೆಯಲ್ಲಿದ್ದವರು, ನಲವತ್ತು ವರ್ಷದಿಂದ ನಾಣ್ಯ ಕೂಡಿಸುತ್ತಿರುವವರು. ರಾಯರು ಎಂದಷ್ಟೇ ಹೇಳುತ್ತೇನೆ. ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ, ದೀಪವನ್ನು ಓರೆಯಾಗಿ ತಿರುಗಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಲೂಪ್ ಕಣ್ಣಿಗಿಟ್ಟುಕೊಂಡು ನಾಣ್ಯವನ್ನು ಅಂಚಿನಲ್ಲಿ ಹಿಡಿದು ನೋಡತೊಡಗಿದರು. 1907 ಕೈಗೆ ಬಂದೊಡನೆ, "ಇದನ್ನ ಯಾವಾಗ ಉಜ್ಜಿದ್ರಿ?" ಅಂದರು. ನನಗೂ ತೋರಿಸಿದರು. ಬರಿಗಣ್ಣಿಗೆ ಹೊಳಪು, ಲೂಪ್‌ನಲ್ಲಿ ಎಡ್ವರ್ಡ್‌ನ ಕೆನ್ನೆಯ ತುಂಬ ಒಂದೇ ದಿಕ್ಕಿಗೆ ಗೀಚಿದ ಕೂದಲೆಳೆಯಂಥ ಗೆರೆಗಳು. ಅಚ್ಚಿನಿಂದ ಬಂದ ಹೊಳಪಾದರೆ ನಾಣ್ಯ ತಿರುಗಿಸಿದಂತೆ ಬೆಳಕು ಗಾಲಿಯ ಕಡ್ಡಿಗಳಂತೆ ಸುತ್ತುತ್ತದೆ. ಉಜ್ಜಿದ ಹೊಳಪು ಇಡೀ ಮೈಯಲ್ಲಿ ಒಂದೇ ಸಮ ಮಿಂಚಿ ಸುಮ್ಮನಾಗುತ್ತದೆ. "ನೀವು ತೆಗೆದದ್ದು ಕೊಳೆ ಅಲ್ಲ ಮೇಷ್ಟ್ರೇ, ಅದರ ಚರ್ಮ."

ನಮ್ಮ ಡಬ್ಬಿಯ ದುರದೃಷ್ಟ ಏನೆಂದರೆ, ಈ ಕೆಲಸವನ್ನು ಅಜ್ಜಿ ನನಗಿಂತ ಅರವತ್ತು ವರ್ಷ ಮೊದಲೇ ಶುರು ಮಾಡಿದ್ದರು. ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಯ ಹಿಂದಿನ ದಿನ ರೂಪಾಯಿಗಳನ್ನೆಲ್ಲ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಅರಿಸಿನ ಕುಂಕುಮ ಇಟ್ಟು ಪೂಜೆ. ಕರ್ನಾಟಕದ ಮನೆಗಳಿಂದ ಬರುವ ಬೆಳ್ಳಿ ರೂಪಾಯಿಗಳಲ್ಲಿ ಮುಕ್ಕಾಲು ಪಾಲು ಹೀಗೇ ಇರುತ್ತವೆಂದು ರಾಯರು ನಕ್ಕರು. ಅಕ್ಷರಗಳ ಸಂದಿಯಲ್ಲಿ ಕುಂಕುಮದ ಕೆಂಪು ಉಳಿದಿರುವುದನ್ನು ನೋಡಿಯೇ ಹೇಳಬಹುದಂತೆ.

ಗ್ರೇಡ್ ಅನ್ನುವುದು ಸವಕಳಿಯ ಅಳತೆ. ಫೈನ್ ಅಂದರೆ ಚಿತ್ರ ಗೊತ್ತಾಗುತ್ತದೆ, ಒಳವಿವರ ಹೋಗಿದೆ. ವೆರಿ ಫೈನ್‌ನಲ್ಲಿ ಎತ್ತರದ ಜಾಗ ಮಾತ್ರ ಸವೆದಿರುತ್ತದೆ. ಎಕ್ಸ್‌ಟ್ರೀಮ್ಲಿ ಫೈನ್‌ನಲ್ಲಿ ಸವಕಳಿಯನ್ನು ಹುಡುಕಬೇಕು. ಕೊನೆಯದು ಅನ್‌ಸರ್ಕ್ಯುಲೇಟೆಡ್, ಚಲಾವಣೆಗೇ ಬೀಳದ್ದು. ಹೆಸರು ಕಲಿಯುವುದು ಸುಲಭ, ಎಲ್ಲಿ ನೋಡಬೇಕೆಂಬುದೇ ವಿದ್ಯೆ. ಐದನೇ ಜಾರ್ಜ್ ಆದರೆ ಮೊದಲು ಸವೆಯುವುದು ಕಿರೀಟದ ಹರಳು, ಹುಬ್ಬು, ಕಿವಿ, ಮೀಸೆ; ಆಮೇಲೆ ನಿಲುವಂಗಿಯ ಮೇಲಿರುವ ಪುಟ್ಟ ಆನೆ. ವಿಕ್ಟೋರಿಯಾಳಲ್ಲಿ ಕಿವಿಯ ಬಳಿಯ ಕೂದಲು, ರವಿಕೆಯ ಕಸೂತಿ. ಎಡ್ವರ್ಡ್ ಬೋಳುತಲೆಯವ, ಕಿರೀಟವಿಲ್ಲ, ಹಾಗಾಗಿ ಕಿವಿ ಮತ್ತು ಗಡ್ಡ. ನಾನು ಮನೆಯಲ್ಲಿ "ತುಂಬಾ ಚೆನ್ನಾಗಿದೆ" ಎಂದು ಗುರುತು ಹಾಕಿದ್ದ ಇಪ್ಪತ್ತರಲ್ಲಿ ರಾಯರು ಹದಿಮೂರನ್ನು ವೆರಿ ಫೈನ್‌ಗೆ ಇಳಿಸಿದರು. ತಮ್ಮ ವಸ್ತುವಿಗೆ ಎಲ್ಲರೂ ಒಂದು ಮೆಟ್ಟಿಲು ಮೇಲಿನ ಗ್ರೇಡ್ ಕೊಟ್ಟುಕೊಳ್ಳುತ್ತಾರೆ. ನಾನೂ ಅದೇ ಜಾತಿ. ಅಲ್ಲದೆ ತೊಳೆದ ನಾಣ್ಯಕ್ಕೆ ಸವಕಳಿ ಎಷ್ಟೇ ಕಡಿಮೆಯಿದ್ದರೂ ಆ ಗ್ರೇಡಿನ ಬೆಲೆ ಸಿಗುವುದಿಲ್ಲ. ಗ್ರೇಡಿಂಗ್ ಸಂಸ್ಥೆಗಳು ಡಬ್ಬಿಯಲ್ಲಿ ಸೀಲ್ ಮಾಡಿ ಕೊಡುವಾಗ ಒಂದರಿಂದ ಎಪ್ಪತ್ತರವರೆಗಿನ ಅಂಕ ಕೊಡುತ್ತವಲ್ಲ, ಉಜ್ಜಿದ್ದಕ್ಕೆ ಆ ಅಂಕವನ್ನೇ ಕೊಡದೆ ತೊಳೆದದ್ದು ಎಂದು ಬರೆದು ಕಳಿಸುತ್ತವೆ.

ಅಲ್ಲಿಂದ ಮುಂದಿನದು ಎಷ್ಟು ಅಪರೂಪ ಎಂಬ ಪ್ರಶ್ನೆ. ನಮ್ಮ ಮನೆಯಲ್ಲಿ ಹಳೆಯದು ಅಂದರೆ ಅಪರೂಪ ಎಂಬ ನಂಬಿಕೆ. ಐದು ವಿಕ್ಟೋರಿಯಾಗಳ ಮೇಲೆ 1862 ಎಂದಿತ್ತು, ಡಬ್ಬಿಯಲ್ಲೇ ಹಿರಿಯವು. ಆದರೆ ಆ ಇಸವಿಯನ್ನು ಬದಲಾಯಿಸದೆ 1874ರವರೆಗೂ ಅದೇ 1862 ಎಂದು ಅಚ್ಚು ಹಾಕುತ್ತಲೇ ಹೋದರು. ಹನ್ನೆರಡು ವರ್ಷದ ಬೆಳೆಯೆಲ್ಲ ಒಂದೇ ಇಸವಿಯ ಚೀಲದಲ್ಲಿ. ಹಿಂಭಾಗದಲ್ಲಿರುವ ಸಣ್ಣ ಚುಕ್ಕೆಗಳನ್ನು ಎಣಿಸಿ ಯಾವ ಬಗೆ ಎಂದು ಬೇರ್ಪಡಿಸುವವರಿದ್ದಾರೆ, ಕೆಲವು ಚುಕ್ಕೆ ಬಗೆಗಳಿಗೆ ಒಳ್ಳೆ ಬೆಲೆಯೂ ಉಂಟು. ರಾಯರು ಐದನ್ನೂ ಎಣಿಸಿದರು. ಐದೂ ಸಾಮಾನ್ಯ ಬಗೆಯವು. 1918ರಿಂದ 1920ರ ಜಾರ್ಜ್‌ಗಳೂ ಹಾಗೇ. ಮೊದಲ ಮಹಾಯುದ್ಧದ ಕೊನೆಗೆ ಇಲ್ಲಿ ಬೆಳ್ಳಿಗೆ ಬರ ಬಂದು, ಅಮೆರಿಕ ತನ್ನ ಡಾಲರ್‌ಗಳನ್ನು ಕರಗಿಸಿ ಬೆಳ್ಳಿ ಮಾರಿತು. ಅದೂ ಸೇರಿ ಆ ವರ್ಷಗಳಲ್ಲಿ ಕೋಟಿಗಟ್ಟಲೆ ರೂಪಾಯಿ ಹೊರಬಿತ್ತು.

ಇನ್ನೊಂದು ಕಡೆ 1911. ಆ ವರ್ಷದ ಜಾರ್ಜ್ ರೂಪಾಯಿಯಲ್ಲಿ ನಿಲುವಂಗಿಯ ಮೇಲಿನ ಆನೆಗೆ ಸೊಂಡಿಲು ಮೋಟು, ಕಾಲು ಗಿಡ್ಡ. ಜನ ಅದನ್ನು ಹಂದಿ ಎಂದರು, ಮುಸ್ಲಿಮರು ಮುಟ್ಟಲೊಲ್ಲೆವೆಂದರು. ಅಚ್ಚಾಗಿದ್ದ ಸುಮಾರು 94 ಲಕ್ಷದಲ್ಲಿ ಏಳು ಲಕ್ಷ ಮಾತ್ರ ಹೊರಗೆ ಬಂದಿತ್ತು. ಉಳಿದದ್ದನ್ನು ಕರಗಿಸಿ, 1912ರಿಂದ ಆನೆಯನ್ನು ತಿದ್ದಿ ಕೆತ್ತಿದರು. ಇಂದಿಗೂ ಅದರ ಹೆಸರು ಹಂದಿ ರೂಪಾಯಿ. ನಮ್ಮ ಇಪ್ಪತ್ತರಲ್ಲಿ ಒಂದು ಅದಾಗಿತ್ತು! ರಾಯರು ಅದನ್ನು ನೋಡುತ್ತ ಅಂಚನ್ನು ಉಗುರಿನಿಂದ ಸವರಿದರು. ಕಿರೀಟದ ನೇರ ಮೇಲೆ, ಅಂಚಿನ ಹಲ್ಲುಗೆರೆಗಳ ನಡುವೆ, ಒಂದು ಮಿಲಿಮೀಟರು ಜಾಗ ನುಣ್ಣಗಿತ್ತು. ಯಾವುದೋ ಕಾಲಕ್ಕೆ ಕೊಂಡಿ ಬೆಸೆದು ಕಾಸಿನ ಸರಕ್ಕೆ ಹಾಕಿ, ಆಮೇಲೆ ಕಿತ್ತು ಅರದಿಂದ ಉಜ್ಜಿದ ಗುರುತು. ಅಜ್ಜಿಯ ಸರವೋ, ಯಾರದೋ.

ಮಾರಲು ಹೊರಟವರು ಇದನ್ನು ತಪ್ಪದೆ ನೋಡಿಕೊಳ್ಳಬೇಕು. ನಾಣ್ಯದ ಎರಡು ಮುಖ ಎಲ್ಲರೂ ನೋಡುತ್ತಾರೆ, ಅಂಚನ್ನು ಕೊಳ್ಳುವವನು ಮಾತ್ರ ನೋಡುತ್ತಾನೆ.

ಅಣ್ಣನಿಗೆ ಫೋನ್ ಮಾಡಿದಾಗ ಅವನ ಗಮನವೆಲ್ಲ ಇನ್ನೊಂದರ ಮೇಲಿತ್ತು. ಒಂಟಿ ಆರನೇ ಜಾರ್ಜ್ ರೂಪಾಯಿಯಲ್ಲಿ 1939 ಎಂದಿತ್ತು. ಆ ಇಸವಿಯದ್ದು ಹೊರಬಿದ್ದದ್ದೇ ಬಹಳ ಕಡಿಮೆ, ಆದ್ದರಿಂದ ಹೆಚ್ಚಿನ ಬೆಲೆ. ಮನೆಯಲ್ಲೇ ನಾನೊಂದು ಪರೀಕ್ಷೆ ಮಾಡಿದ್ದೆ. ನೀರಿನ ಲೋಟವನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ದಾರ ಕಟ್ಟಿದ ನಾಣ್ಯವನ್ನು ತಳ ಮುಟ್ಟದಂತೆ ಮುಳುಗಿಸಿದರೆ ತಕ್ಕಡಿ 1.13 ತೋರಿಸಿತು. ನಾಣ್ಯದ ತೂಕ 11.60 ಗ್ರಾಂ. ಭಾಗಿಸಿದರೆ ಸಾಂದ್ರತೆ 10.27, ಈ ಬೆರಕೆಯ ಬೆಳ್ಳಿಗೆ ಬರಬೇಕಾದ ಅಂಕಿಯೇ. ಅಂಚಿನಲ್ಲೂ ಬರೀ ನೇರ ಗೆರೆಗಳು, ಅದೂ ಸರಿ. ನಕಲಿಯಲ್ಲ ಎಂದು ಎದೆ ಉಬ್ಬಿಸಿಕೊಂಡಿದ್ದೆ.

ರಾಯರು ಅದನ್ನು ಬೆಳಕಿಗೆ ಬಹಳ ಹೊತ್ತು ಓರೆ ಹಿಡಿದರು. "ರೂಪಾಯಿ ಅಸಲಿ. ಒಂಬತ್ತು ನಕಲಿ" ಅಂದರು. 1938ರ ರೂಪಾಯಿಯೇ ಅದು. ಕೊನೆಯ ಎಂಟರ ಕೆಳಗಿನ ಸುಳಿಯ ಎಡಬದಿಯನ್ನು ಸೂಜಿಮೊನೆಯಿಂದ ಕೆರೆದು ಒಂಬತ್ತು ಮಾಡಿದ್ದರು. ಅಂಕಿಯ ಪಕ್ಕದ ಬಯಲು ಉಳಿದ ಕಡೆಗಿಂತ ಒಂದಿಷ್ಟು ತಗ್ಗಾಗಿ, ಗೀರುಗೀರಾಗಿ ಕಂಡಿತು. ಒಂಬತ್ತರ ಬಾಲ ಹಿಂದಿನ ಒಂಬತ್ತರ ಬಾಲದಂತೆ ಇರಲಿಲ್ಲ. 1939 ಎಂದರೆ ಅದೇ ನಾಣ್ಯದಲ್ಲಿ ಎರಡು ಒಂಬತ್ತು ಇರುತ್ತವೆ, ಒಂದನ್ನೊಂದು ಹೋಲಿಸಲು ಬೇರೆ ನಾಣ್ಯವೇ ಬೇಡ. ನನಗೆ ಇದು ಹೊಳೆದಿರಲಿಲ್ಲ. ತೂಕ, ನೀರಿನ ಪರೀಕ್ಷೆ ಲೋಹವನ್ನು ಹೇಳುತ್ತವೆಯೇ ಹೊರತು ಇಸವಿಯನ್ನಲ್ಲ.

ಇಷ್ಟಾದ ಮೇಲೆ ಕೇಳಿದೆ: "ಹಾಗಾದರೆ ಹಂದಿ ರೂಪಾಯಿಯೇ ನಮ್ಮ ಡಬ್ಬಿಯ ರಾಜನೇ ಸಾರ್?" ರಾಯರು ಅದರ ಪಕ್ಕಕ್ಕೆ ಇನ್ನೊಂದನ್ನು ತಳ್ಳಿದರು. ಅದು ಡಬ್ಬಿಯದ್ದಲ್ಲ. ಅಜ್ಜನ ಲೆಕ್ಕದ ಪುಸ್ತಕದ ರಟ್ಟು ಬಿಚ್ಚಿಕೊಂಡಿದ್ದಾಗ ತೆಳುಕಾಗದದಲ್ಲಿ ಸುತ್ತಿ ಸಿಕ್ಕಿದ್ದು, ನಾನೇ ಎಣಿಕೆಗೆ ಸೇರಿಸಿದ್ದೆ. 1919ರದ್ದು, ಹಿಂಭಾಗದ ಕೆಳಗೆ ಬೊಂಬಾಯಿ ಟಂಕಸಾಲೆಯ ಚುಕ್ಕೆ. ಕೋಟಿಗಟ್ಟಲೆ ಬಂದ ವರ್ಷ. ಆದರೆ ಅಜ್ಜಿಯ ಹುಣಸೆಹಣ್ಣು ಅದನ್ನು ಮುಟ್ಟಿರಲಿಲ್ಲ. ಮೀಸೆಯ ಕೂದಲು ಕೂದಲಾಗಿಯೇ ಇತ್ತು, ಬೆಳಕು ಗಾಲಿಯಂತೆ ಸುತ್ತುತ್ತಿತ್ತು.

ಇಲ್ಲಿ ಅವರು ಹೇಳಿದ್ದು ನನ್ನ ಲೆಕ್ಕವನ್ನೇ ತಿರುಗಿಸಿತು. ಕೊಳ್ಳುವವನ ಆಲ್ಬಮ್ಮನ್ನು ನೆನೆಸಿಕೊಳ್ಳಿ ಅಂದರು. ಇಸವಿಗೊಂದರಂತೆ ಜಾರ್ಜ್ ರೂಪಾಯಿ ಕೂಡಿಸುವವನ ಬಳಿ 1919ರ ಕಿಂಡಿ ಎಂದೋ ತುಂಬಿದೆ. ಸವೆದ ಇನ್ನೊಂದು ಅವನಿಗೆ ಯಾಕೆ? ಅದಕ್ಕೆ ಗಿರಾಕಿ ಬೆಳ್ಳಿ ಒಂದೇ, ಬೆಳ್ಳಿಯ ದರವೇ ಅದರ ದರ. ಆದರೆ ಆ ಕಿಂಡಿಯಲ್ಲಿರುವ ಸವೆದದ್ದನ್ನು ತೆಗೆದು ಇಂಥ ಹೊಚ್ಚಹೊಸದನ್ನು ಕೂರಿಸಬೇಕೆಂಬ ಆಸೆ ಅವನಿಗೆ ಇದ್ದೇ ಇರುತ್ತದೆ. ಹಾಗಾಗಿ ಸಾಮಾನ್ಯ ಇಸವಿಯ ನಾಣ್ಯಕ್ಕೆ ಫೈನ್‌ನಿಂದ ವೆರಿ ಫೈನ್‌ಗೆ ಹತ್ತಿದರೆ ಏನೂ ಏರದ ಬೆಲೆ ತುತ್ತತುದಿಯಲ್ಲಿ ಒಮ್ಮೆಲೇ ಜಿಗಿಯುತ್ತದೆ. 1911ರ ಕಿಂಡಿ ಹಾಗಲ್ಲ, ಬಹಳ ಜನರಲ್ಲಿ ಖಾಲಿಯಿದೆ, ಸವೆದದ್ದಾದರೂ ಕೊಳ್ಳುತ್ತಾರೆ. ಬೆಸುಗೆ ಹತ್ತಿದ್ದನ್ನು ಮಾತ್ರ, ಇನ್ನೊಂದು ಸಿಗುವವರೆಗೆ ಇರಲಿ ಎಂಬ ಬೆಲೆಗೆ ಕೇಳುತ್ತಾರೆ.

ಬೆಲೆಯನ್ನು ಎಲ್ಲಿ ನೋಡಬೇಕೆಂಬುದಕ್ಕೂ ಅವರದೊಂದು ಕಟ್ಟುನಿಟ್ಟಿತ್ತು. ಯಾರೋ ಇಷ್ಟು ಬೇಕು ಎಂದು ಹಾಕಿಕೊಂಡದ್ದು ಬೆಲೆಯಲ್ಲ, ಇನ್ನೊಬ್ಬ ದುಡ್ಡು ಕೊಟ್ಟು ಒಯ್ದದ್ದು ಬೆಲೆ. ನಾಣ್ಯ ಹರಾಜು ಮಾಡುವ ಸಂಸ್ಥೆಗಳು ಬೆಂಗಳೂರಿನಲ್ಲೂ ಮುಂಬೈಯಲ್ಲೂ ಇವೆ, ಹಳೆಯ ಹರಾಜುಗಳ ಫಲಿತಾಂಶವನ್ನು ಚಿತ್ರ ಸಮೇತ ಪ್ರಕಟಿಸುತ್ತವೆ. ಅದೇ ಇಸವಿ, ಅದೇ ಟಂಕಸಾಲೆ, ಅದೇ ಗ್ರೇಡಿನ ಐದಾರು ಮಾರಾಟ ಹುಡುಕಿ, ಎಲ್ಲಕ್ಕಿಂತ ಹೆಚ್ಚಿನದನ್ನು ಬಿಟ್ಟುಬಿಡಬೇಕು, ಅದು ಇಬ್ಬರ ಹಟಕ್ಕೆ ಏರಿದ ಬೆಲೆ ಇರಬಹುದು. ಉಳಿದದ್ದರ ನಡುವಿನದನ್ನು ಹಿಡಿಯಬೇಕು. ಅದರಲ್ಲೂ ಕೊಂಡವನು ಸಂಸ್ಥೆಗೆ ಕೊಟ್ಟ ಕಮಿಷನ್ ಸೇರಿರಬಹುದು, ಮಾರಿದವನ ಕೈಯಿಂದಲೂ ಕಮಿಷನ್ ಕಳೆದಿರುತ್ತದೆ. ಹೀಗೆ ಹುಡುಕಿದಾಗ ನಮ್ಮ 1919ಕ್ಕೆ ನಾಲ್ಕು ಸಾವಿರದ ಹತ್ತಿರ ಕಂಡಿತು, ಕೈಗೆ ಮೂರು ಚಿಲ್ಲರೆ ಎಂದು ಬರೆದುಕೊಂಡೆ. ಕೊಂಡಿ ಕಾಣದ, ತೊಳೆಯದ ಹಂದಿ ರೂಪಾಯಿ ನಮ್ಮದರ ಮೂರ್ನಾಲ್ಕು ಪಟ್ಟು ಹೋಗಿತ್ತು. ಸೀಲ್ ಮಾಡಿಸೋಣವೇ ಎಂದರೆ, ಶುಲ್ಕ, ಅಂಚೆ ಎಲ್ಲ ಸೇರಿ ಮೂರು ಸಾವಿರದ ನಾಣ್ಯಕ್ಕೆ ಅದು ಕೂದಲಿಗಿಂತ ಹೂವೇ ಭಾರ.

ತಾಮ್ರದ ಹತ್ತರಲ್ಲಿ ಆರು ಕಾಲಾಣೆ. ಉಳಿದ ನಾಲ್ಕು ಟಿಪ್ಪುವಿನ ಆನೆ ಪೈಸೆ. ಇವೂ ಅಪರೂಪದವಲ್ಲ, ಆದರೆ ಇವುಗಳ ಬೆಲೆ ನಡೆಯುವ ದಾರಿ ಬೇರೆ. ಸಾಮ್ರಾಜ್ಯದ ರೂಪಾಯಿಗೆ ದೇಶವೆಲ್ಲ ಗಿರಾಕಿ; ಟಿಪ್ಪು ಪೈಸೆಯನ್ನು ಟಂಕಸಾಲೆ ಟಂಕಸಾಲೆಯಾಗಿ ಬೆನ್ನುಹತ್ತುವವರು ನಮ್ಮಲ್ಲಿ ಬಹಳ. ಅಂಥವರಿಗೆ ಆನೆ ಎಷ್ಟು ಚೆಂದ ಎಂಬುದಕ್ಕಿಂತ ಹಿಂಭಾಗದಲ್ಲಿ ಊರಿನ ಹೆಸರು, ಇಸವಿ ಓದಬರುತ್ತದೆಯೇ ಎಂಬುದೇ ಮುಖ್ಯ. ಕೈಯಲ್ಲಿ ಬಡಿದ ಅಚ್ಚು, ಬಿಲ್ಲೆಯಿಂದ ಆಚೆ ಜಾರಿ ಹೆಸರು ಅರ್ಧ ಹೋಗಿರುತ್ತದೆ. ನಾನು ಒಂದರಲ್ಲಿ 4221 ಎಂದು ಓದಿ ಬರೆದಿಟ್ಟಿದ್ದೆ. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಅದು 1224. ಊರು ಪಟ್ಟನ, ಅಂದರೆ ಶ್ರೀರಂಗಪಟ್ಟಣ. ಆ ಒಂದಕ್ಕೆ ಒಂಬೈನೂರು, ಹೆಸರು ಅಳಿಸಿದ ಮೂರಕ್ಕೆ ಇನ್ನೂರಿನ್ನೂರು.

ಟೆಕ್ಸಾಸ್‌ನಲ್ಲಿರುವ ಅಣ್ಣನ ಮಗ, "ಇಲ್ಲಿಗೆ ಕಳಿಸಿ ಚಿಕ್ಕಪ್ಪ, ಡಾಲರ್‌ನಲ್ಲಿ ಮಾರೋಣ" ಅಂದ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಆ ಮಾತು ಅಲ್ಲಿಗೇ ನಿಂತಿತು. ಅದರ ಹಿಂದೆಯೇ ಅಣ್ಣನಿಗೆ ಒಂದು ಕರೆ: ನಿಮ್ಮ ನಾಣ್ಯಕ್ಕೆ ಹದಿನೈದು ಲಕ್ಷ ಮಂಜೂರಾಗಿದೆ, ರಿಸರ್ವ್ ಬ್ಯಾಂಕ್ ಶುಲ್ಕ ಮೊದಲು ಕಟ್ಟಿ ಎಂದು. ತನ್ನ ಹೆಸರಿನಲ್ಲಿ ಹೀಗೆ ಹಣ ಕೇಳುವವರಿದ್ದಾರೆ, ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಪ್ರಕಟಣೆ ಕೊಟ್ಟಿತ್ತು. ಅದನ್ನು ಓದಿ ಹೇಳಿದ ಮೇಲೆ ಅಣ್ಣ ವಿಡಿಯೋ ನೋಡುವುದನ್ನು ಬಿಟ್ಟ.

ಮಾರುವಾಗ ಒಂದು ಕಡೆ ಎಡವುತ್ತಿದ್ದೆ. ಮೊದಲು ಬಂದ ವ್ಯಾಪಾರಿ ಬಹಳ ಮರ್ಯಾದಸ್ಥ, ಮಾತು ಮೆದು. ಟ್ರೇ ನೋಡಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಬೆರಳಿನಲ್ಲಿ ಎಂಟು ನಾಣ್ಯ ಪಕ್ಕಕ್ಕೆ ಸರಿಸಿ, "ಇವಕ್ಕೆ ಈಗಲೇ ಹನ್ನೆರಡು ಸಾವಿರ ಕ್ಯಾಶ್ ಸಾರ್" ಅಂದ. ನನ್ನ ಪಟ್ಟಿಯಲ್ಲಿ ಅವು ಹದಿಮೂರು ಮುಕ್ಕಾಲು, ಅಂಥ ಮೋಸವೇನಲ್ಲ. ಆದರೆ ಆ ಎಂಟು ಹೋದರೆ ಉಳಿದದ್ದನ್ನು ನೋಡಲು ಯಾರೂ ಬರುವುದಿಲ್ಲ, ಮತ್ತೆ ಒಡವೆ ಅಂಗಡಿಯ ಎಂಬತ್ತರ ಲೆಕ್ಕವೇ ಗತಿ. ಒಳ್ಳೆಯವನ್ನು ಮುಂದಿಟ್ಟುಕೊಂಡು, ಕೊಂಡರೆ ಇಡೀ ಲಾಟ್ ಎಂದು ರಾಯರು ಮೊದಲೇ ಹೇಳಿಕೊಟ್ಟಿದ್ದರು. ಹಾಗೇ ಅಂದೆ. ಆತ ಎದ್ದು ಹೋದ. ಎರಡು ವಾರ ಬಿಟ್ಟು ಇನ್ನೊಬ್ಬರು ಪಟ್ಟಿಯನ್ನು ಸಾಲುಸಾಲಾಗಿ ಓದಿ ಒಪ್ಪಿದರು: 1919ಕ್ಕೆ 3,200, ಹಂದಿ ರೂಪಾಯಿಗೆ 1,600, ಒಳ್ಳೆಯ ಗ್ರೇಡಿನ ಆರಕ್ಕೆ ಒಂದೂವರೆ ಸಾವಿರದಂತೆ, ಸಾಮಾನ್ಯ ಇಪ್ಪತ್ತೇಳಕ್ಕೆ 1,050ರಂತೆ, 1940ರ ಈಚಿನವಕ್ಕೆ 560. ಕಾಲಾಣೆಗಳಿಗೆ ನಲವತ್ತು. ಟಿಪ್ಪು ಪೈಸೆ ಸೇರಿ ಒಟ್ಟು 50,610. ನಾನು ಉಜ್ಜಿದ 1907 ಇಪ್ಪತ್ತೇಳರ ಗುಂಪಿಗೆ ಹೋಯಿತು, ನಾಲ್ಕುನೂರೈವತ್ತು ರೂಪಾಯಿಯ ಟೂತ್‌ಪೇಸ್ಟ್.

ಕೆರೆದ 1939ನ್ನು ಮಾರಲಿಲ್ಲ. ಬೆಳ್ಳಿಗೆಂದು ಕೊಟ್ಟರೂ ಮುಂದೆ ಯಾರದೋ ಕೈಯಲ್ಲಿ ಅದು ಮತ್ತೆ 1939 ಆಗಿಬಿಡುತ್ತದೆ. ಹನುಮಂತನ ಬಿಲ್ಲೆಯ ಜೊತೆ ನನ್ನ ಮೇಜಿನ ಖಾನೆಯಲ್ಲಿದೆ. ಚಿಕ್ಕಮ್ಮನಿಗೆ ಐದು 1862 ಕೊಟ್ಟೆ. ರಾಣಿಯ ಕೂದಲು, ಕಸೂತಿ ಎರಡೂ ಎಂದೋ ನುಣ್ಣಗಾದವು, ಬೆಳ್ಳಿಯ ಬೆಲೆಗಿಂತ ಕೆಳಗೆ ಇಳಿಯಲು ಅವಕ್ಕೆ ಜಾಗವಿಲ್ಲ. "ತೊಳೀಬಹುದೇನೋ?" ಎಂದು ಕೇಳಿದರು. ಧಾರಾಳವಾಗಿ ತೊಳೀರಿ ಅಂದೆ.